ಹತ್ತು ನಂಬರಿನ ಕಡ್ಡಿ ಅಂದರೆ ಎಷ್ಟು ದಪ್ಪ?

ಪುಣೆಯ ತುಳಶಿಬಾಗ್ ಕಡೆ ಉಣ್ಣೆ ಅಂಗಡಿಗೆ ಹೋಗಿ "ದಹಾ ನಂಬರ್‌ಚ್ಯಾ ಸುಯಾ" ಅಂತ ಕೇಳಿದರೆ ಕೊಡಬೇಕಾದದ್ದು 3.25 ಮಿ.ಮೀ. ದಪ್ಪದ ಸ್ವೆಟರ್ ಕಡ್ಡಿ. ಊರಿನಲ್ಲಿ ನಮ್ಮ ಅಜ್ಜಿ, ಅತ್ತೆಯಂದಿರು ಹೇಳುತ್ತಿದ್ದ ಹತ್ತು ನಂಬರೂ ಇದೇ. ಆದರೆ ಅಮೆರಿಕದಲ್ಲಿರುವ ಮಗಳು ಕಳಿಸಿದ ಕಡ್ಡಿಯ ಮೇಲೆ 10 ಅಂತಿದ್ದರೆ ಅದು 6 ಮಿ.ಮೀ. ಅದಕ್ಕೇ ನಾನು ಹೇಳೋದು: ನಂಬರನ್ನು ನಂಬಬೇಡಿ, ಮಿಲಿಮೀಟರ್ ಕೇಳಿ.

ನಮ್ಮ ಹಳೆಯ ನಂಬರು ಬ್ರಿಟಿಷರ ತಂತಿ ಅಳತೆಯಿಂದ ಬಂದದ್ದು. ತಂತಿಯನ್ನು ಹೆಚ್ಚು ಸಲ ತೂತಿನಲ್ಲಿ ಎಳೆದಷ್ಟೂ ಅದು ಸಣ್ಣಗಾಗುತ್ತದೆ, ನಂಬರು ಏರುತ್ತದೆ. ಅಮೆರಿಕದ ನಂಬರು ಇದಕ್ಕೆ ತಿರುಗುಮುರುಗು, ದಪ್ಪ ಹೆಚ್ಚಿದಂತೆ ನಂಬರೂ ಹೆಚ್ಚು. ನಮ್ಮ 12 ಅಂದರೆ 2.75 ಮಿ.ಮೀ., 8 ಅಂದರೆ 4, 6 ಅಂದರೆ 5. ಅಲ್ಲಿ ಇವೇ ಕಡ್ಡಿಗಳು ಕ್ರಮವಾಗಿ 2, 6 ಮತ್ತು 8 ನಂಬರು. ತಮಾಷೆ ಏನಂದರೆ 7 ನಂಬರು ಮಾತ್ರ ಎರಡೂ ಕಡೆ 4.5 ಮಿ.ಮೀ. ಅದೊಂದನ್ನೇ ಹೋಲಿಸಿ ನೋಡಿದವರು "ಎಲ್ಲಾ ಒಂದೇ" ಅಂದುಕೊಂಡು ಮೋಸಹೋಗುತ್ತಾರೆ.

ಒಂದು ಲೆಕ್ಕ ನೋಡಿ. ಅಮೆರಿಕದ ಪುಸ್ತಕದಲ್ಲಿ 8 ನಂಬರಿನ ಕಡ್ಡಿ, 10 ಸೆಂ.ಮೀ.ಗೆ 18 ಕುಣಿಕೆ, ಸ್ವೆಟರಿನ ಮುಂಭಾಗಕ್ಕೆ 90 ಕುಣಿಕೆ ಅಂತಿದೆ ಅನ್ನಿ. ಅಗಲ 50 ಸೆಂ.ಮೀ. ಆಗಬೇಕು. ನೀವು ಇಲ್ಲಿಯ 8 ನಂಬರು, ಅಂದರೆ 4 ಮಿ.ಮೀ. ಕಡ್ಡಿ ಹಿಡಿದಿರಿ, 10 ಸೆಂ.ಮೀ.ಗೆ 20 ಕುಣಿಕೆ ಬಂತು. ಮುಂಭಾಗ 45 ಸೆಂ.ಮೀ.ಗೇ ನಿಂತಿತು. ಹಿಂಭಾಗವೂ ಅಷ್ಟೇ ಆದರೆ ಎದೆಸುತ್ತು 100ರ ಬದಲು 90! ಬಟ್ಟೆಯೂ ಬಿಗಿ. ಮೊದಲೇ ಅಂಗೈಯಗಲ ಹೆಣೆದು ಎಣಿಸಿದ್ದರೆ ಆಗಲೇ ಗೊತ್ತಾಗುತ್ತಿತ್ತು.

ನಂಬರು ಅಳಿಸಿಹೋದ ಹಳೆಯ ಕಡ್ಡಿಗಳಿಗೆ ಸುಲಭ ಉಪಾಯ ಇದೆ. ಒಂದೇ ಅಳತೆಯ ನಾಲ್ಕು ಕಾಲುಚೀಲದ ಕಡ್ಡಿಗಳನ್ನು ಒತ್ತಾಗಿ ಜೋಡಿಸಿ, ಸ್ಕೇಲಿನಲ್ಲಿ ಒಟ್ಟು ಅಗಲ ನೋಡಿ ನಾಲ್ಕರಿಂದ ಭಾಗಿಸಿ. 13 ಮಿ.ಮೀ. ಬಂದರೆ ಕಡ್ಡಿ 3.25, 12 ಬಂದರೆ 3. ತುದಿ ಚೂಪಾಗಿರುವುದರಿಂದ ನಡುಭಾಗದಲ್ಲೇ ಅಳೆಯಬೇಕು. ಎರಡೇ ಕಡ್ಡಿ ಇದ್ದರೆ ವರ್ನಿಯರ್ ಬೇಕು. ರವಿವಾರ ಪೇಟೆಯ ಬೋಹ್ರಿ ಆಳಿಯ ಹಾರ್ಡ್‌ವೇರ್ ಅಂಗಡಿಗಳಲ್ಲಿ ವಿಚಾರಿಸಿ. ಕ್ರೋಶಾದ ಸಣ್ಣ ಸ್ಟೀಲ್ ಕಡ್ಡಿಗಳ ನಂಬರು ಮಾತ್ರ ಬೇರೆಯದೇ. ಅವಕ್ಕೆ ಈ ಲೆಕ್ಕ ಹಚ್ಚಬೇಡಿ.

ಹಳೆಯ ನಂಬರನ್ನು ಬಿಸಾಕಬೇಕು ಅಂತ ನಾನು ಹೇಳುತ್ತಿಲ್ಲ. ಅಜ್ಜಿಯ ನೋಟ್‌ಬುಕ್ ಓದೋಕೆ ಅದು ಬೇಕು. ಆದರೆ ಅಲ್ಲಿ "ಕಡ್ಡಿ 10" ಅಂತಿದ್ದ ಕಡೆ ಪಕ್ಕದಲ್ಲೇ "3.25" ಅಂತ ಪೆನ್ಸಿಲ್ಲಿನಲ್ಲಿ ಬರೆದಿಡಿ. ಮುಂದೆ ಅದನ್ನು ತೆರೆಯುವ ಮೊಮ್ಮಗಳು ಪುಣೆಯಲ್ಲಿರುತ್ತಾಳೋ ನ್ಯೂಜೆರ್ಸಿಯಲ್ಲಿರುತ್ತಾಳೋ ಯಾರಿಗೆ ಗೊತ್ತು?