ಲೆಕ್ಕದ ಪುಟ, ಭಾಗ 6: ಒಂದು ಮನೆ ಕೈ ಕೊಟ್ಟರೆ ಮೂವತ್ತು ಮನೆ ದುಡಿಮೆ ಹೋಯ್ತು

ಹಾಲಿನ ಲೈನು ಅಂದ್ರೆ ಎಲ್ಲರೂ ಹೇಳೋದು ಒಂದೇ ಮಾತು: "ಬೆಳಗ್ಗೆ ಬೇಗ ಏಳೋದೇ ಕಷ್ಟ ಗುರು." ನನ್ನ ಪ್ರಕಾರ ಕಷ್ಟ ಇರೋದು ಅಲ್ಲಲ್ಲ. ಕಷ್ಟ ಇರೋದು ತಿಂಗಳ ಕೊನೆಯ ವಸೂಲಿಯಲ್ಲಿ.

ನಮ್ಮಣ್ಣ ಒಂದು ಮೆಡಿಕಲ್ ಸ್ಟೋರಲ್ಲಿ ಕೆಲಸ ಮಾಡ್ತಾನೆ, ಬೆಳಗ್ಗೆ ಒಂಬತ್ತೂವರೆಗೆ ಹೋದ್ರೆ ರಾತ್ರಿ ಒಂಬತ್ತಕ್ಕೆ ಬರೋದು. ಅದಕ್ಕೂ ಮುಂಚೆ ಐದರಿಂದ ಏಳರವರೆಗೆ ಹಾಲು ಹಾಕ್ತಾನೆ. ಲೆಕ್ಕ ಬರೆಯೋದು ನಾನು. ಬಿಕಾಂ ಓದ್ತಿದ್ದೀನಲ್ಲ, ಮನೆಯಲ್ಲಿ ಅದಕ್ಕಾದ್ರೂ ಉಪಯೋಗ ಆಗ್ಲಿ ಅಂತ.

ಲೈನಿನಲ್ಲಿ 60 ಮನೆ, ದಿನಕ್ಕೆ ಅರ್ಧ ಲೀಟರಿನ 90 ನೀಲಿ ಪ್ಯಾಕೆಟ್. ಪ್ಯಾಕೆಟಿಗೆ 24 ರೂಪಾಯಿ. ಅದರ ಕಮಿಷನ್ ಬೂತಿನವರದ್ದು. ಅಣ್ಣನಿಗೆ ಸಿಗೋದು ಮನೆಗೆ ತಿಂಗಳಿಗೆ 50 ರೂಪಾಯಿ ಡೆಲಿವರಿ ಚಾರ್ಜು ಮಾತ್ರ, ಅಂದ್ರೆ 3,000. ಪೆಟ್ರೋಲಿಗೆ ಸುಮಾರು 400 ಹೋಗುತ್ತೆ. ಒಡೆದ ಪ್ಯಾಕೆಟ್ ತಿಂಗಳಿಗೆ ಹತ್ತು ಅಂದ್ಕೊಳ್ಳಿ, 240. ಕ್ರೇಟ್ ಇಳಿಸುವಾಗಲೇ ಒಂದೊಂದನ್ನೂ ಒತ್ತಿ ನೋಡಿದ್ರೆ ಸೋರೋದು ಗೊತ್ತಾಗುತ್ತೆ, ಬೂತಿನಲ್ಲೇ ಬದಲಾಯಿಸಿ ಕೊಡ್ತಾರೆ. ಚೀಲಕ್ಕೆ ತುಂಬಿ ಹೊರಟ ಮೇಲೆ ಒಡೆದ್ರೆ ಅದು ನಮ್ಮ ತಲೆ ಮೇಲೆ. ಕೊನೆಗೆ ಉಳಿಯೋದು 2,360. ಅರವತ್ತು ಗಂಟೆ ಕೆಲಸಕ್ಕೆ ಗಂಟೆಗೆ 39 ರೂಪಾಯಿ.

ಇಲ್ಲಿವರೆಗೂ ಓಕೆ. ಈಗ ಅಸಲಿ ವಿಷಯ ನೋಡಿ.

ಮನೆಯವರು ದುಡ್ಡು ಕೊಡೋದು ತಿಂಗಳಾದ ಮೇಲೆ. ಬೂತಿನವರಿಗೆ ಮಾತ್ರ ಯಾರು ಕೊಟ್ರೂ ಬಿಟ್ರೂ ಐದನೇ ತಾರೀಖಿನೊಳಗೆ ಅಣ್ಣ ಪ್ಯಾಕೆಟ್ ಲೆಕ್ಕದಲ್ಲಿ ಕಟ್ಟಲೇಬೇಕು. ದಿನಕ್ಕೆ 2,160ರ ಹಾಲು, ಮೂವತ್ತು ದಿನಕ್ಕೆ 64,800. ಅಂದ್ರೆ 3,000 ದುಡಿಯೋ ಹುಡುಗ ಅರವತ್ತು ಮನೆಗೆ 64,800 ಸಾಲ ಕೊಟ್ಟು ಕೂತಿರ್ತಾನೆ. ಬಡ್ಡಿ ಇಲ್ಲ, ಬರವಣಿಗೆ ಇಲ್ಲ, ಬರೀ ನಂಬಿಕೆ.

ಹೋದ ವರ್ಷ ಒಂದು ಬಾಡಿಗೆ ಮನೆಯವರು ತಿಂಗಳ ಕೊನೇಲಿ ಹೇಳದೆ ಕೇಳದೆ ಖಾಲಿ ಮಾಡ್ಕೊಂಡು ಹೋದ್ರು. ದಿನಕ್ಕೆ ಎರಡು ಪ್ಯಾಕೆಟ್, ಒಟ್ಟು 1,440, ಚಾರ್ಜು 50. ಅಲ್ಲಿಗೆ 1,490 ಮುಳುಗ್ತು. ಮೂವತ್ತು ಮನೆಗೆ ತಿಂಗಳೆಲ್ಲಾ ಹಾಲು ಹಾಕಿದ ದುಡಿಮೆ ಅದು. ಆ ತಿಂಗಳು ಅಣ್ಣನ ಕೈಗೆ ಉಳಿದಿದ್ದು 870. ಕ್ಲಾಸಲ್ಲಿ 'ಬ್ಯಾಡ್ ಡೆಟ್ಸ್' ಅಂತ ಒಂದು ಸಾಲಲ್ಲಿ ಬರೆದು ಮುಂದೆ ಹೋಗ್ತೀವಿ. ಮನೆಯಲ್ಲಿ ಅದನ್ನ ನೋಡಿದಾಗ ಬೇರೆ ಥರಾನೇ ಇರುತ್ತೆ.

ಓಡಿಹೋಗೋರು ಅಪರೂಪ. ಆದ್ರೆ ಎಳೆಯೋರು ಜಾಸ್ತಿ. ಅಣ್ಣ ಫ್ರೀ ಇರೋದು ಭಾನುವಾರ ಒಂದೇ ದಿನ. ಅವತ್ತು ಹೋದ್ರೆ "ಯಜಮಾನ್ರು ಇಲ್ಲಪ್ಪ, ಮುಂದಿನ ವಾರ ಬಾ." ಇಲ್ಲಾಂದ್ರೆ "ನಾವು ನಾಲ್ಕು ದಿನ ಊರಿಗೆ ಹೋಗಿದ್ವಲ್ಲ, ಅದನ್ನ ಕಳೆದಿದ್ದೀಯಾ?" ಅವರ ಗೋಡೆ ಕ್ಯಾಲೆಂಡರಿನಲ್ಲಿ ನಾಲ್ಕು ಸೊನ್ನೆ, ನನ್ನ ಪುಸ್ತಕದಲ್ಲಿ ಎರಡು. ಜಗಳ ಯಾಕೆ ಅಂತ ಅಣ್ಣ ಬಿಟ್ಟುಬಿಡ್ತಿದ್ದ. ಹಾಗೆ ಬಿಟ್ಟ ಎರಡು ದಿನ ಅಂದ್ರೆ 96 ರೂಪಾಯಿ, ಆ ಮನೆಯ ಚಾರ್ಜಿಗಿಂತ ಜಾಸ್ತಿ.

ಆಮೇಲೆ ನಾವು ಎರಡೇ ಬದಲಾವಣೆ ಮಾಡಿದ್ವಿ. ಒಂದು, ಹೊಸದಾಗಿ ಸೇರೋ ಮನೆಗೆ ಹದಿನೈದು ದಿನದ ದುಡ್ಡು ಮೊದಲೇ. ಹಳೇ ಮನೆಗಳಿಗೆ ತಿಂಗಳ ಬದಲು ಹದಿನೈದು ದಿನಕ್ಕೊಮ್ಮೆ ಬಿಲ್. ಅಣ್ಣ ಕೆಲಸದಲ್ಲಿದ್ರೂ ಮೊತ್ತ ವಾಟ್ಸಾಪಲ್ಲಿ ಹೋಗುತ್ತೆ, ದುಡ್ಡು ಯುಪಿಐಗೆ ಬರುತ್ತೆ. ಎರಡು, ಹಾಲು ಬೇಡದಿದ್ರೆ ಹಿಂದಿನ ರಾತ್ರಿ ಒಂಬತ್ತರೊಳಗೆ ಮೆಸೇಜ್ ಮಾಡ್ಬೇಕು. ಮೆಸೇಜ್ ಇಲ್ಲ ಅಂದ್ರೆ ಹಾಲು ಹಾಕಿದ ಲೆಕ್ಕ. ಕ್ಯಾಲೆಂಡರ್ ಜಗಳ ಅಲ್ಲಿಗೇ ಮುಗೀತು.

38 ಮನೆ ಒಪ್ಪಿದ್ರು. ಕೆಲವರಿಗೆ ಬೇಜಾರಾಯ್ತು: "ನಮ್ಮ ಮೇಲೆ ನಂಬಿಕೆ ಇಲ್ವಾ?" ಇಬ್ಬರು ಲೈನೇ ಬಿಟ್ರು. ದಿನಗೂಲಿ ಮಾಡೋ ಮನೆಗಳಿಗೆ ಅಡ್ವಾನ್ಸ್ ಕೊಡೋಕಾಗಲ್ಲ, ಕೇಳೋದೂ ತಪ್ಪು. ಅವರು ಶನಿವಾರ ಬಟವಾಡೆ ಆದ ಮೇಲೆ ವಾರದ್ದು ಕೊಡ್ತಾರೆ. ನಿಜ ಹೇಳ್ಬೇಕಂದ್ರೆ ಒಂದು ವಾರಾನೂ ತಪ್ಪಿಸದೇ ಇರೋರು ಅವರೇ.

ಕಾಲೇಜಿಗೆ ಮುಂಚೆ ಲೈನ್ ಹಿಡಿಯೋಣ ಅಂತಿರೋರಿಗೆ ನನ್ನ ಮಾತು ಇಷ್ಟೇ. ಎಷ್ಟು ಮನೆ ಅಂತ ಕೇಳೋ ಮುಂಚೆ, ದುಡ್ಡು ಬರದಿದ್ರೆ ಬೂತಿಗೆ ಕಟ್ಟೋದು ಯಾರು ಅಂತ ಕೇಳಿ. "ನೀನೇ" ಅಂದ್ರೆ ಅದು ಸಂಬಳದ ಕೆಲಸ ಅಲ್ಲ, ಸಾಲ ಕೊಡೋ ವ್ಯಾಪಾರ.

ಇನ್ನು ನಿಮ್ಮ ಮನೆಗೆ ಹಾಲು ಹಾಕೋ ಅಣ್ಣನ ಬಿಲ್ ಫ್ರಿಜ್ ಮೇಲೆ ಹಾಗೇ ಇದ್ಯಾ? ಇವತ್ತೇ ಅಮ್ಮನಿಗೆ ನೆನಪು ಮಾಡಿ.