ಲೋಟದೊಳಗೆ ಏರಿದ ನೀರು

ತಟ್ಟೆಯಲ್ಲಿ ಮೇಣದಬತ್ತಿ ನಿಲ್ಲಿಸಿ, ಸುತ್ತ ನೀರು ಹಾಕಿ, ಬತ್ತಿ ಹೊತ್ತಿಸಿ, ಮೇಲೆ ಗಾಜಿನ ಲೋಟ ಬೋರಲು ಹಾಕಿದರೆ ಸ್ವಲ್ಪ ಹೊತ್ತಿಗೆ ಜ್ವಾಲೆ ಆರುತ್ತದೆ, ನೀರು ಲೋಟದೊಳಗೆ ಏರುತ್ತದೆ. ಶಾಲೆಯಲ್ಲಿ ಗಾಳಿಯ ಪಾಠ ಓದಿದ ಬಹಳ ಜನರಿಗೆ ಈ ಪ್ರಯೋಗ ನೆನಪಿದೆ. ಅದರ ಜೊತೆ ಕಲಿತ ವಿವರಣೆಯೂ ನೆನಪಿದೆ: ಬತ್ತಿ ಉರಿದು ಆಮ್ಲಜನಕ ಮುಗಿಯಿತು, ತೆರವಾದ ಜಾಗಕ್ಕೆ ನೀರು ಬಂತು, ನೀರು ಐದರಲ್ಲೊಂದು ಪಾಲು ಏರಿತು, ಆದ್ದರಿಂದ ಗಾಳಿಯ ಐದರಲ್ಲೊಂದು ಪಾಲು ಆಮ್ಲಜನಕ. ಕೊನೆಯಲ್ಲಿ ಬರುವ ಅಂಕಿ ಸರಿ, ಗಾಳಿಯಲ್ಲಿ ಆಮ್ಲಜನಕ ಶೇಕಡಾ 21ರಷ್ಟಿದೆ. ಆದರೆ ಅಲ್ಲಿಗೆ ಹೋದ ದಾರಿ ಪೂರ್ತಿ ತಪ್ಪು.

ಪಠ್ಯಪುಸ್ತಕದ ಒಂದು ಪಾಠವನ್ನು ತೂಗಿ ನೋಡುವುದು ಹೇಗೆ ಎಂಬ ಪ್ರಶ್ನೆಗೆ ನಾನು ಈ ಲೋಟದಿಂದಲೇ ಉತ್ತರ ಹುಡುಕುತ್ತೇನೆ. ಸಾಮಾನ್ಯವಾಗಿ ಪರಿಶೀಲಕರ ಕೈಗೆ ಒಂದು ನಮೂನೆ ಬರುತ್ತದೆ. ವಿಷಯ ನಿಖರವೇ, ವಿವರಣೆ ತಿಳಿಯಾಗಿದೆಯೇ, ಅಭ್ಯಾಸಗಳು ಚೆನ್ನಾಗಿವೆಯೇ, ಎಲ್ಲ ಮಕ್ಕಳನ್ನೂ ಒಳಗೊಂಡಿದೆಯೇ ಎಂದು ನಾಲ್ಕು ಕಲಂ, ಪ್ರತಿಯೊಂದಕ್ಕೂ ಇಷ್ಟಿಷ್ಟು ಅಂಕ. ಹೀಗೆ ಅಂಕ ಹಾಕಿದರೆ ಮೇಲಿನ ಪಾಠ ಸುಲಭವಾಗಿ ಪಾಸಾಗುತ್ತದೆ. ಶೇಕಡಾ 21 ಎಂಬ ಸಂಗತಿ ಸರಿಯಿದೆ, ಭಾಷೆ ಸರಳವಾಗಿದೆ, ಚಟುವಟಿಕೆ ಇದೆ, ಚಿತ್ರದಲ್ಲಿ ಒಬ್ಬ ಹುಡುಗಿಯೂ ಇದ್ದಾಳೆ. ತಪ್ಪು ಮಾತ್ರ ಯಾವ ಕಲಮಿಗೂ ಸಿಗದೆ ಜಾರಿಹೋಗುತ್ತದೆ.

ತಪ್ಪು ಎಲ್ಲಿದೆ? ಲೋಟದಲ್ಲಿ 100 ಮಿಲಿ ಲೀಟರ್ ಗಾಳಿ ಇದೆ ಎಂದುಕೊಳ್ಳೋಣ. ಅದರಲ್ಲಿ 21 ಮಿಲಿ ಆಮ್ಲಜನಕ. ಮೇಣದಬತ್ತಿ ಇದನ್ನೆಲ್ಲ ಉರಿಸಿ ಮುಗಿಸುವುದಿಲ್ಲ, ಪ್ರಮಾಣ ಶೇಕಡಾ 16ರ ಆಸುಪಾಸಿಗೆ ಇಳಿದಾಗಲೇ ಆರಿಬಿಡುತ್ತದೆ. ಅಂದರೆ ಖರ್ಚಾದದ್ದು ಸುಮಾರು 5 ಮಿಲಿ. ಮೇಣ ಉರಿದಾಗ ಮೂರು ಪಾಲು ಆಮ್ಲಜನಕ ಹೋದ ಜಾಗಕ್ಕೆ ಎರಡು ಪಾಲಿನಷ್ಟು ಇಂಗಾಲದ ಡೈಆಕ್ಸೈಡ್ ಬಂದು ಸೇರುತ್ತದೆ. ಅದು ನೀರಿನಲ್ಲಿ ಕರಗುತ್ತದೆ ನಿಜ, ಆದರೆ ಆ ಅರೆ ನಿಮಿಷದಲ್ಲಿ ಕರಗುವುದು ಅತಿ ಕಡಿಮೆ. ಒಟ್ಟು ಲೆಕ್ಕದಲ್ಲಿ ಒಳಗಿನ ಅನಿಲ ಕಡಿಮೆಯಾಗುವುದು 2 ಮಿಲಿಯಷ್ಟು ಮಾತ್ರ. ಏರುವ ನೀರು ಅದರ ಹಲವು ಪಟ್ಟು. ಉಳಿದದ್ದೆಲ್ಲ ಶಾಖದ ಕೆಲಸ. ಲೋಟ ಮುಚ್ಚುವಾಗ ಜ್ವಾಲೆಯ ಬಿಸಿಗೆ ಗಾಳಿ ಹಿಗ್ಗಿ, ಒಂದಿಷ್ಟು ಗುಳ್ಳೆಗಳಾಗಿ ಹೊರಗೆ ಹೋಗುತ್ತದೆ. ಜ್ವಾಲೆ ಆರಿದ ಮೇಲೆ ಉಳಿದ ಗಾಳಿ ತಣಿದು ಕುಗ್ಗುತ್ತದೆ, ಹೊರಗಿನ ಒತ್ತಡ ನೀರನ್ನು ಒಳಗೆ ತಳ್ಳುತ್ತದೆ.

ಇದನ್ನು ಪತ್ತೆ ಮಾಡಲು ಯಾವ ಉಪಕರಣವೂ ಬೇಡ. ಒಂದು ಬತ್ತಿಯ ಬದಲು ಮೂರು ಇಟ್ಟು ಅದೇ ಲೋಟ ಮುಚ್ಚಿ ನೋಡಿ. ಲೋಟದ ಆಮ್ಲಜನಕ ಅಷ್ಟೇ ಇದ್ದರೂ ನೀರು ಇನ್ನೂ ಮೇಲಕ್ಕೆ ಹೋಗುತ್ತದೆ. ಇನ್ನೊಂದು ಸುಳಿವು ಹೊತ್ತಿನಲ್ಲಿದೆ. ಆಮ್ಲಜನಕ ಮುಗಿಯುತ್ತ ಹೋದುದೇ ಕಾರಣವಾಗಿದ್ದರೆ ಬತ್ತಿ ಉರಿಯುವ ಉದ್ದಕ್ಕೂ ನೀರು ಒಂದೇ ಸಮನೆ ಏರಬೇಕಿತ್ತು. ಅದು ಹೆಚ್ಚಾಗಿ ಏರುವುದು ಜ್ವಾಲೆ ಕುಂದಿ ಆರುವ ಹೊತ್ತಿಗೆ. ಆದ್ದರಿಂದ ನನ್ನ ಮೊದಲ ಬೇಡಿಕೆ ಇಷ್ಟೇ: ಪಾಠವನ್ನು ಪರಿಶೀಲಿಸುವವರು ಅದರಲ್ಲಿರುವ ಪ್ರಯೋಗವನ್ನು ತಮ್ಮ ಅಡುಗೆಮನೆಯಲ್ಲಿ ಮಾಡಿ ನೋಡಬೇಕು, ಬರೆದಿರುವಂತೆ ಒಮ್ಮೆ, ಒಂದು ಅಂಶ ಬದಲಿಸಿ ಇನ್ನೊಮ್ಮೆ. ಕುಳಿತು ಓದುವುದರಿಂದ ಈ ತಪ್ಪು ಸಿಗುವುದಿಲ್ಲ.

ಇದಕ್ಕೊಂದು ಆಕ್ಷೇಪ ಬರುತ್ತದೆ. ಹನ್ನೊಂದು ವರ್ಷದ ಮಗುವಿಗೆ ಇಷ್ಟೆಲ್ಲ ಬೇಕೇ, ಸರಳಗೊಳಿಸುವುದು ತಪ್ಪೇ ಎಂದು. ಸರಳಗೊಳಿಸಲೇಬೇಕು. ಆದರೆ ಸರಳವಾದ ಮಾತಿಗೂ ಸುಳ್ಳಾದ ಮಾತಿಗೂ ನಡುವಿನ ಗೆರೆ ಕಾಣುವಂಥದೇ. ಮುಂದಿನ ತರಗತಿಯ ಮೇಷ್ಟರು ಈ ಮಾತಿನ ಮೇಲೆ ಇನ್ನೊಂದು ಇಟ್ಟಿಗೆ ಇಡಬಹುದೇ, ಅಥವಾ ಮೊದಲು ಇದನ್ನು ಕೆಡವಬೇಕೇ? “ಉರಿಯಲು ಆಮ್ಲಜನಕ ಬೇಕು, ಅದು ಸಾಲದಾದಾಗ ಜ್ವಾಲೆ ಆರುತ್ತದೆ” ಎಂಬುದು ಸರಳ ಮಾತು, ಅದರ ಮೇಲೆ ಕಟ್ಟಬಹುದು. “ಆಮ್ಲಜನಕವೆಲ್ಲ ಮುಗಿದು ಆ ಜಾಗಕ್ಕೆ ನೀರು ಬಂತು” ಎಂಬುದನ್ನು ಕೆಡವಲೇಬೇಕು. ಉರಿದಾಗ ವಸ್ತು ಮಾಯವಾಗುತ್ತದೆ ಎಂದು ಅದು ಮಗುವಿಗೆ ಕಲಿಸಿರುತ್ತದೆ, ಮುಂದೆ ರಸಾಯನಶಾಸ್ತ್ರ ಹೇಳುವುದು ಇದಕ್ಕೆ ನೇರ ವಿರುದ್ಧ. ಈ ತಪ್ಪು ತಿಳಿಯಾದ ಕನ್ನಡದಲ್ಲಿದ್ದರೆ ಅಪಾಯ ಹೆಚ್ಚು, ಏಕೆಂದರೆ ಅದು ಬೇಗ ಮನಸ್ಸಿಗೆ ಹತ್ತುತ್ತದೆ. ವಿವರಣೆಯ ಸ್ಪಷ್ಟತೆಗೆ ಪ್ರತ್ಯೇಕವಾಗಿ ಅಂಕ ಕೊಡಬಾರದು ಎನ್ನುವುದು ಇದಕ್ಕೇ. (ಆಮ್ಲಜನಕ ಎಂಬ ಹೆಸರಿನೊಳಗೇ ಒಂದು ಹಳೆಯ ತಪ್ಪು ಕೂತಿದೆ. ಎಲ್ಲ ಆಮ್ಲಗಳೂ ಇದರಿಂದಲೇ ಹುಟ್ಟುತ್ತವೆ ಎಂದು ಲವಾಸಿಯೆ ನಂಬಿ ಇಟ್ಟ ಹೆಸರಿನ ಅನುವಾದ ಅದು. ಹೆಸರನ್ನು ಈಗ ಬದಲಿಸಲಾಗದು, ಆದರೆ ಎರಡು ಸಾಲಿನಲ್ಲಿ ಈ ಕತೆ ಹೇಳಿದ ಪಾಠ ನನಗೆ ಇಷ್ಟವಾಗುತ್ತದೆ.)

ಐದರಲ್ಲೊಂದು ಪಾಲು ಎಂಬುದನ್ನು ತೋರಿಸಲೇಬೇಕಾದರೆ ತುಕ್ಕಿನ ಪ್ರಯೋಗವಿದೆ. ಒದ್ದೆ ಮಾಡಿದ ಕಬ್ಬಿಣದ ನಾರನ್ನು ಪ್ರನಾಳದ ತಳಕ್ಕೆ ಒತ್ತಿ, ಅದನ್ನು ನೀರಿನಲ್ಲಿ ಬೋರಲು ನಿಲ್ಲಿಸಿ ಎರಡು ಮೂರು ದಿನ ಬಿಟ್ಟರೆ ನೀರು ಹತ್ತಿರಹತ್ತಿರ ಐದನೇ ಒಂದು ಭಾಗಕ್ಕೆ ಏರಿ ನಿಲ್ಲುತ್ತದೆ. ತುಕ್ಕು ಗಟ್ಟಿ ವಸ್ತು, ಆಮ್ಲಜನಕದ ಜಾಗಕ್ಕೆ ಬೇರೆ ಅನಿಲ ಬರುವುದಿಲ್ಲ, ಬಿಸಿಯ ಗೊಂದಲವೂ ಇಲ್ಲ. ಆದರೆ ಪಾಠ ಬರೆದವರು “ಪಾತ್ರೆ ಉಜ್ಜುವ ಸ್ಟೀಲ್ ನಾರು” ಎಂದಿದ್ದರೆ ಅವರು ಇದನ್ನು ಮಾಡಿ ನೋಡಿಲ್ಲ ಎಂದೇ ಅರ್ಥ. ಅಂಗಡಿಯಲ್ಲಿ ಸಿಗುವ ಹೊಳೆಯುವ ಸುರುಳಿ ನಾರು ಹೆಚ್ಚಾಗಿ ಸ್ಟೇನ್‌ಲೆಸ್, ಅದು ತುಕ್ಕು ಹಿಡಿಯುವುದಿಲ್ಲ. ಮಕ್ಕಳು ವಾರವಿಡೀ ಕಾದು, ತಾವೇ ಏನೋ ತಪ್ಪು ಮಾಡಿದೆವು ಎಂದುಕೊಳ್ಳುತ್ತಾರೆ.

ಇನ್ನು ಅಭ್ಯಾಸಗಳು. “ಗಾಳಿಯಲ್ಲಿ ಆಮ್ಲಜನಕದ ಪ್ರಮಾಣ ಶೇಕಡಾ ____” ಎಂಬ ಬಿಟ್ಟ ಸ್ಥಳವನ್ನು ಪಾಠ ಅರ್ಥವಾಗದ ಮಗುವೂ ತುಂಬುತ್ತದೆ. ನಾನು ಮಾಡುವ ಪರೀಕ್ಷೆ ಸುಲಭದ್ದು: ಪ್ರತಿ ಪ್ರಶ್ನೆಯ ಉತ್ತರ ಪಾಠದ ಯಾವ ಸಾಲಿನಲ್ಲಿದೆ ಎಂದು ಪೆನ್ಸಿಲಿನಲ್ಲಿ ಗೆರೆ ಎಳೆಯುತ್ತೇನೆ. ಎಲ್ಲ ಉತ್ತರಗಳೂ ಸಾಲುಗಳಲ್ಲೇ ಸಿಕ್ಕರೆ ಅದು ನಕಲು ಬರೆಯುವ ಅಭ್ಯಾಸ. ಮೂರು ಬತ್ತಿ ಇಟ್ಟರೆ ಏನಾಗಬಹುದು, ಮೊದಲು ಊಹಿಸಿ ಬರೆ, ಆಮೇಲೆ ಮಾಡಿ ನೋಡು ಎಂದು ಕೇಳಿದ್ದರೆ ಉತ್ತರ ಯಾವ ಸಾಲಿನಲ್ಲೂ ಇರುವುದಿಲ್ಲ. ತಪ್ಪು ವಿವರಣೆ ಕೊಟ್ಟ ಪುಸ್ತಕ ಈ ಪ್ರಶ್ನೆ ಕೇಳಲಾರದು, ಕೇಳಿದರೆ ಪುಸ್ತಕವೇ ಸೋಲುತ್ತದೆ.

ಒಳಗೊಳ್ಳುವಿಕೆಯನ್ನು ಹೆಸರು ಮತ್ತು ಚಿತ್ರಗಳನ್ನು ಎಣಿಸಿ ಮುಗಿಸುವುದುಂಟು. ಎಣಿಸಬೇಕು, ಹುಡುಗ ಬತ್ತಿ ಹಚ್ಚುತ್ತ ಹುಡುಗಿ ನೋಡುತ್ತ ನಿಂತಿದ್ದರೆ ಅದನ್ನು ಹೇಳಲೇಬೇಕು. ಆದರೆ ನಾನು ಮುಖ್ಯವಾಗಿ ಹುಡುಕುವುದು ಬೇರೆ: ಯಾವ ಮಗುವಿನ ತಿಳಿವಳಿಕೆ ಈ ಪಾಠಕ್ಕೆ ಬೇಕಾಗಿದೆ? “ನೀರಿನ ಮಟ್ಟವನ್ನು ನೋಡಿ” ಎಂದಷ್ಟೇ ಬರೆದರೆ ಕಣ್ಣು ಕಾಣದ ಮಗು ಹೊರಗೆ ಉಳಿಯಿತು. ಲೋಟದ ತಳ ಬಿಸಿಯಾಗಿ ಆಮೇಲೆ ತಣ್ಣಗಾಗುವುದನ್ನು ಹೊರಗಿನಿಂದ ಮುಟ್ಟಿ ತಿಳಿ, ತಣಿದ ಮೇಲೆ ಲೋಟವನ್ನು ಮೆಲ್ಲಗೆ ಎತ್ತಿ ಒಳಗಿನ ನೀರಿನ ಭಾರ ಗಮನಿಸು ಎಂದು ಸೇರಿಸಿದರೆ ಆ ಮಗು ಒಳಗೆ ಬರುತ್ತದೆ. ಅಷ್ಟೇ ಅಲ್ಲ, ನೀರು ಏರುವುದಕ್ಕೂ ತಣಿಯುವುದಕ್ಕೂ ಇರುವ ನಂಟು ಇಡೀ ತರಗತಿಯ ಕೈಗೆ ಸಿಗುತ್ತದೆ. ಹಾಗೆಯೇ ಸೌದೆ ಒಲೆಯ ಮನೆಯಿಂದ ಬಂದ ಮಗುವಿಗೆ ಬೆಂಕಿಯ ವಿಷಯದಲ್ಲಿ ಗ್ಯಾಸ್ ಒಲೆಯ ಮನೆಯ ಮಗುವಿಗಿಂತ ಹೆಚ್ಚು ಗೊತ್ತು. ಬೂದಿ ಮುಚ್ಚಿದ ಕೆಂಡ ಊದುಕೊಳವೆಗೆ ಹೇಗೆ ಏಳುತ್ತದೆ ಎಂದು ಅದು ದಿನವೂ ನೋಡಿದೆ. ಅದೇ ಬಾಯಿಯಿಂದ ಊದಿದರೆ ದೀಪ ಆರುತ್ತದೆ, ಕೆಂಡ ಮಾತ್ರ ಹೊತ್ತಿಕೊಳ್ಳುತ್ತದೆ, ಏಕೆ? ದೀಪದಲ್ಲಿ ಉರಿಯುವುದು ಬತ್ತಿಯಿಂದೆದ್ದ ಆವಿ, ಊದಿದ ಗಾಳಿ ಅದನ್ನು ಬತ್ತಿಯಿಂದ ದೂರ ಒಯ್ಯುತ್ತದೆ. ಕೆಂಡ ಎಲ್ಲಿಗೂ ಹೋಗುವುದಿಲ್ಲ, ಅದಕ್ಕೆ ಹೊಸ ಆಮ್ಲಜನಕ ಸಿಗುತ್ತದೆ. ಗಾಳಿಯ ಪಾಠದ ಕೊನೆಗೆ ಈ ಒಂದು ಪ್ರಶ್ನೆ ಇದ್ದರೆ, ಅದಕ್ಕೆ ಮೊದಲು ಕೈ ಎತ್ತುವ ಮಗು ಬಹುಶಃ ಹಿಂದಿನ ಬೆಂಚಿನದು.