ನಾಮಫಲಕ ಹಾಕಿದರೆ ಮುಗಿಯಿತೇ ಸಾಮಾಜಿಕ ಪರಿಶೋಧನೆ?

ನರೇಗಾ ಸಾಮಾಜಿಕ ಪರಿಶೋಧನಾ ಗ್ರಾಮಸಭೆಗೆ ವರದಿಗೆಂದು ಹೋದವರಿಗೆಲ್ಲ ಆ ದೃಶ್ಯ ಗೊತ್ತಿರುತ್ತದೆ. ಪಂಚಾಯಿತಿ ಕಚೇರಿ ಮುಂದೆ ಶಾಮಿಯಾನ, ಬೆಳಿಗ್ಗೆ ಹನ್ನೊಂದು ಗಂಟೆ, ಅಂದರೆ ಕೂಲಿಗೆ ಹೋಗುವವರೆಲ್ಲ ಹೊಲದಲ್ಲಿರುವ ಹೊತ್ತು. ಅಧ್ಯಕ್ಷರು, ಸದಸ್ಯರು, ಅವರ ಗಂಡಂದಿರು, ಪಿಡಿಒ, ಒಂದಿಷ್ಟು ಅಂಗನವಾಡಿ ಕಾರ್ಯಕರ್ತೆಯರು ಮತ್ತು ಆಶಾ ಕಾರ್ಯಕರ್ತೆಯರು ಕೂತಿರುತ್ತಾರೆ. ತಾಲ್ಲೂಕು ಸಂಯೋಜಕರು ಮೈಕ್ ಹಿಡಿದು ಓದುತ್ತಾರೆ: 'ಕಾಮಗಾರಿ ಕಡತದಲ್ಲಿ ಮೂರು ಹಂತದ ಫೋಟೊ ಇಲ್ಲ, ನಾಮಫಲಕ ಅಳವಡಿಸಿಲ್ಲ, ಕ್ರಿಯಾಯೋಜನೆಯ ಪ್ರತಿ ಲಗತ್ತಿಸಿಲ್ಲ.' ಪ್ರತಿ ಸಾಲಿಗೂ ಪಿಡಿಒ 'ಸರಿಪಡಿಸುತ್ತೇವೆ' ಎನ್ನುತ್ತಾರೆ. ಒಂದೂವರೆಗೆ ಪುಳಿಯೋಗರೆ. ನಾವು ಮೂರು ಪ್ಯಾರಾ ಸುದ್ದಿ ಕಳಿಸುತ್ತೇವೆ. ಡೆಸ್ಕ್‌ನವರು ಅದನ್ನು ಒಂದು ಪ್ಯಾರಾ ಮಾಡುತ್ತಾರೆ.

ನನ್ನ ತಕರಾರು ಸಭೆಗೆ ಜನ ಬರುವುದಿಲ್ಲ ಎಂಬುದಲ್ಲ. ಅದನ್ನು ಎಲ್ಲರೂ ಬರೆದಿದ್ದೇವೆ. ಕಳ್ಳತನ ಕಾಗದದಿಂದ ಆಚೆ ಹೋಗಿ ಎಷ್ಟೋ ವರ್ಷ ಆಯಿತು, ಪರಿಶೋಧನೆ ಮಾತ್ರ ದಿನೇ ದಿನೇ ಕಾಗದದ ಒಳಗೇ ಹೋಗುತ್ತಿದೆ ಎಂಬುದು ನನ್ನ ತಕರಾರು.

ಇದು ಶುರುವಾದದ್ದು ಹೇಗೆ ಎಂದು ಸ್ವಲ್ಪ ನೆನಪಿಸಿಕೊಳ್ಳಬೇಕು. 1994ರ ಡಿಸೆಂಬರ್‌ನಲ್ಲಿ ರಾಜಸ್ಥಾನದ ಕೋಟ್ ಕಿರಾನಾ ಎಂಬ ಊರಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯವರು ಮೊದಲ ಜನಸುನವಾಯಿ ನಡೆಸಿದರು. ಅಲ್ಲಿ ನಡೆದದ್ದು ಬಹಳ ಸರಳ. ಹಾಜರಿಪಟ್ಟಿಯಲ್ಲಿದ್ದ ಹೆಸರು, ಕೊಟ್ಟರೆಂದು ಬರೆದ ಕೂಲಿ, ಮುಗಿಯಿತೆಂದು ಬರೆದ ಕಾಮಗಾರಿ, ಎಲ್ಲವನ್ನೂ ಊರಿನವರ ಎದುರು ಜೋರಾಗಿ ಓದಿದರು. ಓದುತ್ತಿದ್ದಂತೆಯೇ 'ನಾನು ಆ ಕೆಲಸಕ್ಕೆ ಹೋಗಿಯೇ ಇಲ್ಲ' ಎಂದು ಜನ ಎದ್ದು ನಿಂತರು. ಮಾಹಿತಿ ಹಕ್ಕಿನ ಬೇಡಿಕೆಗೆ ಬಲ ಬಂದದ್ದು ಆ ಓದಿನಿಂದ. 2005ರ ಉದ್ಯೋಗ ಖಾತರಿ ಕಾಯ್ದೆಯ 17ನೇ ಸೆಕ್ಷನ್ ಬಂದ ದಾರಿಯೂ ಅದೇ. ಆ ಸೆಕ್ಷನ್ ಪ್ರಕಾರ ಪರಿಶೋಧನೆ ಮಾಡುವುದು ಗ್ರಾಮಸಭೆ. ಎನ್‌ಎಂಆರ್, ಬಿಲ್ಲು, ವೋಚರ್, ಅಳತೆ ಪುಸ್ತಕ, ಮಂಜೂರಾತಿ ಆದೇಶ ಎಲ್ಲವನ್ನೂ ಪಂಚಾಯಿತಿ ಕೊಡಲೇಬೇಕು. 2011ರ ನಿಯಮಗಳು ಆರು ತಿಂಗಳಿಗೊಮ್ಮೆ ಪರಿಶೋಧನೆ ಆಗಬೇಕು, ಸಭೆಗೆ 15 ದಿನ ಮೊದಲೇ ದಾಖಲೆ ಕೈಗೆ ಸಿಗಬೇಕು, ಕೂಲಿಕಾರರನ್ನು ಭೇಟಿಯಾಗಿ ಹಾಜರಿ ಮತ್ತು ಪಾವತಿ ತಾಳೆ ನೋಡಬೇಕು ಎನ್ನುತ್ತವೆ.

ಆಗ ಕಳ್ಳತನ ಹಾಜರಿಪಟ್ಟಿಯ ಮೇಲೇ ಇತ್ತು. ಸತ್ತವರ ಹೆಸರು, ಇಲ್ಲದವರ ಹೆಸರು, ಒಬ್ಬನೇ ಒತ್ತಿದ ಹೆಬ್ಬೆಟ್ಟು. ಕೂಲಿ ನೇರ ಬ್ಯಾಂಕ್ ಖಾತೆಗೆ ಹೋಗಲು ಶುರುವಾದ ಮೇಲೆ ಆ ಬಗೆಯ ಕಳ್ಳತನ ಕಷ್ಟವಾಯಿತು. ಈಗ ಹೆಸರು ನಿಜ, ಜಾಬ್ ಕಾರ್ಡ್ ನಿಜ, ಆಧಾರ್ ನಿಜ, ಖಾತೆ ನಿಜ, ಖಾತೆಗೆ ದುಡ್ಡು ಬಿದ್ದದ್ದೂ ನಿಜ. ಸುಳ್ಳು ಇರುವುದು ಕೆಲಸದಲ್ಲಿ ಮಾತ್ರ. ಕಡತವನ್ನು ಎಷ್ಟು ಸಲ ತಿರುವಿದರೂ ಅದು ಕಾಣುವುದಿಲ್ಲ. ಆ ಖಾತೆಯ ಯಜಮಾನನನ್ನು ಕೂರಿಸಿಕೊಂಡು ಕೇಳಿದರೆ ಮಾತ್ರ ಗೊತ್ತಾಗುತ್ತದೆ.

ನಾನು ಹತ್ತಿರದಿಂದ ನೋಡಿದ ಒಂದು ಪ್ರಕರಣ ಹೇಳುತ್ತೇನೆ. ಊರಿನ ಹೆಸರು ಬೇಡ, ಯಾಕೆಂಬುದು ಮುಂದೆ ಗೊತ್ತಾಗುತ್ತದೆ. 2022ರ ಬೇಸಿಗೆಯಲ್ಲಿ ಒಂದು ಸಣ್ಣ ಕೆರೆಯ ಹೂಳೆತ್ತುವ ಕೆಲಸ. ಮೂರು ಎನ್‌ಎಂಆರ್, ತಲಾ ಹತ್ತು ಹೆಸರು, ಎಲ್ಲರಿಗೂ ಆರು ದಿನದ ಹಾಜರಿ. ಒಟ್ಟು 180 ಮಾನವ ದಿನ. ಆ ವರ್ಷದ ಕೂಲಿ ದಿನಕ್ಕೆ 309 ರೂಪಾಯಿ. ಒಬ್ಬರಿಗೆ 1,854, ಮೂವತ್ತು ಜನಕ್ಕೆ 55,620 ರೂಪಾಯಿ. ಇದು ದೊಡ್ಡ ಮೊತ್ತವಲ್ಲ, ಯಾವ ಪತ್ರಿಕೆಯ ಮುಖಪುಟಕ್ಕೂ ಹೋಗುವುದಿಲ್ಲ. ಆದರೆ ಒಂದು ಪಂಚಾಯಿತಿಯಲ್ಲಿ ವರ್ಷಕ್ಕೆ ಇಂಥವು ಎಷ್ಟು ನಡೆಯುತ್ತವೆ ಎಂದು ನೀವೇ ಲೆಕ್ಕ ಹಾಕಿ.

ಪರಿಶೋಧನೆಗೆ ತಂಡ ಬಂದಾಗ ಮಳೆಗಾಲ ಮುಗಿದಿತ್ತು, ಕೆರೆಯಲ್ಲಿ ನೀರು ನಿಂತಿತ್ತು. ಉದ್ದ ಅಗಲ ಬೇಕಾದರೆ ದಡದಿಂದ ನೋಡಬಹುದು, ಆಳ ಅಳೆಯುವುದು ಹೇಗೆ? ಅಳತೆ ಪುಸ್ತಕದಲ್ಲಿ ಎಂಜಿನಿಯರ್ ಬರೆದದ್ದೇ ಅಂತಿಮವಾಯಿತು. ಹೂಳೆತ್ತುವ ಕೆಲಸದ ಪರಿಶೋಧನೆಯನ್ನು ಕೆರೆ ತುಂಬಿದ ಮೇಲೆ ಮಾಡುವುದರಲ್ಲಿ ಯಾರ ಕೈವಾಡವೂ ಇಲ್ಲದಿರಬಹುದು, ವೇಳಾಪಟ್ಟಿ ಹಾಗೆ ಬಂದಿರಬಹುದು. ಲಾಭ ಯಾರಿಗೆ ಎಂಬುದಂತೂ ಸ್ಪಷ್ಟ.

ಆ ತಂಡದಲ್ಲಿ ಬೇರೆ ಪಂಚಾಯಿತಿಯಿಂದ ಬಂದಿದ್ದ ಇಬ್ಬರು ಗ್ರಾಮ ಸಂಪನ್ಮೂಲ ವ್ಯಕ್ತಿಗಳಿದ್ದರು, ಇಬ್ಬರೂ ಹೆಣ್ಣುಮಕ್ಕಳು, ತಾವೂ ಕೂಲಿಗೆ ಹೋದವರು. ಅವರು ಕಚೇರಿಯಲ್ಲಿ ಕೂರದೆ ಎನ್‌ಎಂಆರ್ ಪ್ರತಿ ಹಿಡಿದು ಸಂಜೆ ಹೊತ್ತು ಮನೆ ಮನೆಗೆ ಹೋದರು. ಕೇಳಿದ ಪ್ರಶ್ನೆಗಳೂ ಜಾಣತನದವು. 'ಕೆಲಸ ಮಾಡಿದ್ದೀರಾ' ಎಂದು ಕೇಳಿದರೆ ಎಲ್ಲರೂ ಹೌದೆನ್ನುತ್ತಾರೆ. ಅವರು ಕೇಳಿದ್ದು ಬೇರೆ: ನಿಮ್ಮ ಪಕ್ಕದಲ್ಲಿ ಯಾರು ಮಣ್ಣು ಹೊತ್ತರು? ಮಣ್ಣನ್ನು ಎಲ್ಲಿ ಹಾಕಿದಿರಿ? ಕಾಯಕ ಬಂಧು ಯಾರು? ಕುಡಿಯುವ ನೀರು ಎಲ್ಲಿಂದ ಬಂತು? ನಿಜವಾಗಿ ದುಡಿದವರು ಇದಕ್ಕೆ ಯೋಚಿಸದೆ ಉತ್ತರ ಹೇಳುತ್ತಾರೆ, ಬಿಸಿಲಿನ ಮೇಲೆ ಬೈಗುಳವನ್ನೂ ಸೇರಿಸುತ್ತಾರೆ. ಮೂವತ್ತರಲ್ಲಿ ಹನ್ನೊಂದು ಜನ ಹಾಗೆ ಹೇಳಿದರು. ಐದು ಜನ ಆ ವಾರ ಊರಲ್ಲೇ ಇರಲಿಲ್ಲ. ಒಬ್ಬಳು ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿದ್ದಳು, ಉಳಿದವರೂ ದುಡಿಯಲು ಹೊರಗೆ ಹೋದವರೇ. ಮಿಕ್ಕ ಹದಿನಾಲ್ಕು ಮನೆಯಲ್ಲಿ ಹೆಚ್ಚು ಕಡಿಮೆ ಒಂದೇ ಮಾತು. ಒಬ್ಬ ಅಜ್ಜಿ ಹೇಳಿದ್ದನ್ನು ನಾನೇ ಕೇಳಿಸಿಕೊಂಡೆ: 'ದುಡ್ಡು ಬಂತು ಕಣಪ್ಪ. ಬ್ಯಾಂಕಿಗೆ ಅವರೇ ಗಾಡೀಲಿ ಕರ್ಕಂಡು ಹೋದ್ರು. ತೆಗ್ದು ಕೊಟ್ಟೆ. ಮುನ್ನೂರು ನೀನಿಟ್ಕಳಮ್ಮ ಅಂದ್ರು.' ಕೆರೆಯನ್ನು ಎರಡು ರಾತ್ರಿಯಲ್ಲಿ ಜೆಸಿಬಿ ಮುಗಿಸಿತ್ತು ಎಂಬುದು ಊರಿಗೆಲ್ಲ ಗೊತ್ತಿದ್ದ ವಿಷಯ. ದುಡಿದೆವು ಎಂದ ಹನ್ನೊಂದು ಜನ ಹಗಲು ಏರಿ ಸಮ ಮಾಡಿದವರು.

ಹತ್ತೊಂಬತ್ತು ಹೆಸರಿನ ಕೂಲಿ, 35,226 ರೂಪಾಯಿ, ಆಕ್ಷೇಪಣಾ ಮೊತ್ತವಾಗಿ ವರದಿಗೆ ಬಂತು. ಇಲ್ಲಿಯವರೆಗೆ ನಡೆದದ್ದೇ ಸಾಮಾಜಿಕ ಪರಿಶೋಧನೆ. ಕೋಟ್ ಕಿರಾನಾದಲ್ಲಿ ಆದದ್ದೂ ಇದೇ.

ಆಮೇಲೆ ಗ್ರಾಮಸಭೆ ಬಂತು. ನರೇಗಾದ ಮೊದಲ ಮಾರ್ಗಸೂಚಿಯಲ್ಲೇ ಈ ಸಭೆಗೆ ಪಂಚಾಯಿತಿ ಅಧ್ಯಕ್ಷರು ಅಧ್ಯಕ್ಷತೆ ವಹಿಸಬಾರದು ಎಂದಿದೆ. ವಹಿಸಲಿಲ್ಲ, ನೋಡಲ್ ಅಧಿಕಾರಿ ವಹಿಸಿದರು. ಆದರೆ ಪಕ್ಕದ ಕುರ್ಚಿಯಲ್ಲಿ ಅಧ್ಯಕ್ಷರೇ ಇದ್ದರು, ಮುಂದಿನ ಸಾಲಿನಲ್ಲಿ ಕೆರೆ ಕೆಲಸ ಮಾಡಿಸಿದ ಮನುಷ್ಯನೂ ಇದ್ದ. ಹದಿನಾಲ್ಕು ಜನರಲ್ಲಿ ಸಭೆಗೆ ಬಂದವರು ನಾಲ್ಕು. ಹೆಸರು ಕೂಗಿದಾಗ ಮೂವರು ತಲೆ ತಗ್ಗಿಸಿ 'ಕೆಲಸ ಮಾಡಿದ್ದೀವಿ' ಎಂದರು. ಅಜ್ಜಿ ಬಂದಿರಲಿಲ್ಲ. ಒಬ್ಬಳು ಮಾತ್ರ ಬಾಯಿ ತೆರೆದಳು, ಅಷ್ಟರಲ್ಲಿ ಯಾರೋ 'ಮನೆ ಪಟ್ಟೀಲಿ ಹೆಸರು ಇದೆಯಲ್ಲವೇನಮ್ಮ ನಿಂದು' ಎಂದರು. ಅಷ್ಟೇ, ಬೆದರಿಕೆ ಅಂತ ದೂರು ಕೊಡುವುದಕ್ಕೂ ಆಗದಷ್ಟು ಮೆತ್ತಗೆ. ಅವಳು ಕೂತುಬಿಟ್ಟಳು.

ಜನ ಧೈರ್ಯ ಮಾಡಲಿಲ್ಲ ಎಂದು ಬರೆಯುವುದು ಸುಲಭ, ನಾನೂ ಮೊದಮೊದಲು ಹಾಗೇ ಬರೆಯುತ್ತಿದ್ದೆ. ಅವರ ಕಡೆಯಿಂದ ನೋಡಿ. ಮನೆ, ಪಿಂಚಣಿ ಅರ್ಜಿ, ಮುಂದಿನ ಎನ್‌ಎಂಆರ್‌ನಲ್ಲಿ ಹೆಸರು, ಎಲ್ಲವೂ ಆ ಮುಂದಿನ ಸಾಲಿನ ಕೈಯಲ್ಲಿದೆ. ಅದಲ್ಲದೆ ಮುನ್ನೂರು ರೂಪಾಯಿ ಇಟ್ಟುಕೊಂಡದ್ದರಿಂದ ತಾನೂ ಕಳ್ಳತನದ ಪಾಲುದಾರಳು ಎಂಬ ಭಯ ಬೇರೆ. ದುಡ್ಡು ಬಿದ್ದದ್ದು ಅವಳ ಖಾತೆಗೆ, ವಸೂಲಿ ಎಂದು ಬಂದರೆ ಮೊದಲು ತನ್ನ ಬಾಗಿಲಿಗೇ ಬರುತ್ತದೆ ಎಂದು ಅವಳು ತಿಳಿದಿದ್ದರೆ ತಪ್ಪೇನು? ಮುನ್ನೂರು ಕೊಡುವುದರ ಉದ್ದೇಶವೇ ಅದು.

ನನಗೆ ಸಿಟ್ಟು ಬಂದದ್ದು ಅದರ ನಂತರದ ಹಂತಕ್ಕೆ. ಕೆಲವು ತಿಂಗಳ ಬಳಿಕ ತಾಲ್ಲೂಕು ಮಟ್ಟದಲ್ಲಿ ಆಕ್ಷೇಪಣೆ ವಿಲೇವಾರಿ ಆಯಿತು. ಪಂಚಾಯಿತಿಯವರು ಕೆಲಸದ ಫೋಟೊ, ಜೊತೆಗೆ ಹದಿನೇಳು ಜನರ ಸಹಿ ಮತ್ತು ಹೆಬ್ಬೆಟ್ಟಿನ ಹೇಳಿಕೆ ತಂದುಕೊಟ್ಟರು. ಹದಿನೇಳರಲ್ಲಿ ಬೆಂಗಳೂರಿನ ಹುಡುಗಿಯದೂ ಇತ್ತು. 'ದಾಖಲೆ ಹಾಜರುಪಡಿಸಿದ್ದರಿಂದ ಆಕ್ಷೇಪಣೆ ಕೈಬಿಡಲಾಗಿದೆ' ಎಂದು ಒಂದು ಸಾಲು. ಮನೆ ಮನೆಗೆ ಹೋಗಿ ಕೇಳಿದ್ದ ಆ ಇಬ್ಬರು ಹೆಣ್ಣುಮಕ್ಕಳನ್ನು ಯಾರೂ ಕರೆಯಲಿಲ್ಲ. ಆರೋಪ ಇದ್ದದ್ದೇ ಕಾಗದ ಸುಳ್ಳು ಎಂದು. ಉತ್ತರವಾಗಿ ಒಪ್ಪಿಕೊಂಡದ್ದು ಅದೇ ಕಚೇರಿ ತಯಾರಿಸಿದ ಇನ್ನೊಂದು ಕಾಗದ.

ಫೋಟೊ ವಿಷಯಕ್ಕೆ ಬಂದರೆ, ಈಗ ಎನ್‌ಎಂಎಂಎಸ್ ಆ್ಯಪ್ ಇದೆ, ದಿನಕ್ಕೆರಡು ಫೋಟೊ ಹಾಕಬೇಕು, ಇನ್ನು ಮೋಸ ಸಾಧ್ಯವೇ ಇಲ್ಲ ಎನ್ನುವ ಅಧಿಕಾರಿಗಳು ಇದ್ದಾರೆ. ಫೋಟೊದ ಫೋಟೊ ತೆಗೆದು ಹಾಕುತ್ತಾರೆ, ಸಂಬಂಧವೇ ಇಲ್ಲದ ಚಿತ್ರ ಹಾಕುತ್ತಾರೆ ಎಂದು 2025ರ ಜುಲೈನಲ್ಲಿ ಕೇಂದ್ರ ಸಚಿವಾಲಯವೇ ರಾಜ್ಯಗಳಿಗೆ ಬರೆದಿದೆ. ಅದೆಲ್ಲ ಇಲ್ಲದಿದ್ದರೂ, ಹತ್ತು ಜನರನ್ನು ಎರಡೂ ಫೋಟೊದ ಹೊತ್ತಿಗೆ ಕೆರೆ ಏರಿ ಮೇಲೆ ನಿಲ್ಲಿಸಿ ಕಳಿಸಿದರೆ ಆ್ಯಪ್‌ಗೆ ಸಾಕು.

ಪಿಡಿಒಗಳಿಗೂ ಒಂದು ದೂರಿದೆ, ಅದರಲ್ಲಿ ನ್ಯಾಯವೂ ಇದೆ. 'ನಾಮಫಲಕಕ್ಕೆ, ಫೋಟೊಗೆ ನಮ್ಮ ಜೀವ ತಿನ್ನುತ್ತಾರೆ' ಎನ್ನುತ್ತಾರೆ. ನಿಜ. ಫಾರ್ಮ್ಯಾಟ್ ತುಂಬಿಸುವುದೇ ಪರಿಶೋಧನೆ ಎಂದುಕೊಂಡ ತಂಡಗಳು ನಲವತ್ತು ಆಕ್ಷೇಪಣೆ ಬರೆದು, ಅದರಲ್ಲಿ ಮೂವತ್ತೆಂಟು ಬೋರ್ಡು ಮತ್ತು ಸಹಿಗೆ ಸಂಬಂಧಿಸಿದವೇ ಆಗಿದ್ದನ್ನು ನಾನು ನೋಡಿದ್ದೇನೆ. ಇದರಿಂದ ಪ್ರಾಮಾಣಿಕ ಪಿಡಿಒಗೆ ಕಿರುಕುಳ, ಕಳ್ಳನಿಗೆ ಅನುಕೂಲ. ಬೋರ್ಡು ಒಂದು ದಿನದಲ್ಲಿ ಬರೆಸಬಹುದು. ನಾನು ಹೇಳಿದ ಕೆರೆಗೂ ಈಗ ಬೋರ್ಡು ಬಂದಿದೆ, ಮಾನವ ದಿನ 180 ಎಂದು ನೀಲಿ ಬಣ್ಣದಲ್ಲಿ ಬರೆದಿದೆ.

ಆಂಧ್ರದವರು ಇದರಲ್ಲಿ ಒಂದು ದಾರಿ ಹುಡುಕಿದ್ದರು. ಊರಿನಲ್ಲಿ ತಂಡ ಉಳಿದು ಮನೆ ಮನೆಗೆ ಹೋಗಿ ಹೇಳಿಕೆ ತೆಗೆದುಕೊಳ್ಳುತ್ತದೆ, ಊರಿನ ಸಭೆಯಲ್ಲಿ ಓದುತ್ತದೆ, ಆಮೇಲೆ ಮಂಡಲ ಮಟ್ಟದಲ್ಲಿ ಬಹಿರಂಗ ವಿಚಾರಣೆ ನಡೆಯುತ್ತದೆ. ಅಲ್ಲಿ ಅಧಿಕಾರಿಗಳು ಎಲ್ಲರೆದುರು ಉತ್ತರ ಕೊಡಬೇಕು. ಅಲ್ಲೂ ಸಿಕ್ಕ ಮೊತ್ತವೆಲ್ಲ ವಸೂಲಿ ಆಗಿಲ್ಲ, ಅದನ್ನು ಸ್ವರ್ಗ ಎನ್ನುತ್ತಿಲ್ಲ. ಊರ ಹೊರಗೆ ಹೋದರೆ ಗ್ರಾಮಸಭೆಯ ಹಕ್ಕು ಹೋಗುತ್ತದೆ ಎಂಬ ಆಕ್ಷೇಪವೂ ಇದೆ. ನನ್ನ ಉತ್ತರ: ನಮ್ಮಲ್ಲೂ ತೀರ್ಮಾನ ತಾಲ್ಲೂಕಿನಲ್ಲೇ ಆಗುತ್ತಿದೆ. ವ್ಯತ್ಯಾಸ ಏನೆಂದರೆ ಅದು ಬಾಗಿಲು ಹಾಕಿಕೊಂಡು ಆಗುತ್ತಿದೆ.

ಹಾಗಾಗಿ ಕೇಳಬೇಕಾದ್ದನ್ನು ಕೇಳೋಣ. ಮನೆ ಭೇಟಿಯಲ್ಲಿ ಕೊಟ್ಟ ಹೇಳಿಕೆಯನ್ನು, ಹೇಳಿದವರ ಹೆಸರು ಸಭೆಯಲ್ಲಿ ಕೂಗದೆ, ಸಾಕ್ಷಿಯಾಗಿ ಒಪ್ಪಬೇಕು. ಅದನ್ನು ತಳ್ಳಿಹಾಕಬೇಕಾದರೆ ಅದೇ ಸಂಪನ್ಮೂಲ ವ್ಯಕ್ತಿಗಳು ಮತ್ತೆ ಹೋಗಿ ಕೇಳಿ ಬರಬೇಕು. ಪಂಚಾಯಿತಿ ತಂದ ಹೆಬ್ಬೆಟ್ಟಿನ ಕಾಗದ ಸಾಲದು. ಖಾತೆಯವರಿಂದಲ್ಲ, ಹಾಜರಿ ಹಾಕಿದವರು ಮತ್ತು ಅಳತೆ ಬರೆದವರಿಂದ ವಸೂಲಿ ಆಗಬೇಕು. ವಿಲೇವಾರಿ ಸಭೆಗೆ ಪತ್ರಕರ್ತರನ್ನೂ ಕೂಲಿಕಾರರನ್ನೂ ಬಿಡಬೇಕು.

ನಮ್ಮ ಬ್ಯಾಚಿನವರಿಗೆ ಒಂದು ಮಾತು. ಮುಂದಿನ ಸಾಮಾಜಿಕ ಪರಿಶೋಧನಾ ಗ್ರಾಮಸಭೆಗೆ ಹೋದಾಗ ಈ ಸಲದ ಆಕ್ಷೇಪಣೆಗಳ ಪಟ್ಟಿ ಕೇಳಬೇಡಿ, ಹೋದ ಸಲದ್ದು ಕೇಳಿ. ಹಿಂದಿನ ವರದಿಯ ಮೇಲೆ ಏನು ಕ್ರಮವಾಯಿತು ಎಂಬುದನ್ನು ಈ ಸಭೆಯಲ್ಲಿ ಮೊದಲು ಓದಬೇಕೆಂದು ನಿಯಮವೇ ಇದೆ. 'ಕೈಬಿಡಲಾಗಿದೆ' ಎಂಬ ಸಾಲು ಸಿಕ್ಕರೆ ಆ ಎನ್‌ಎಂಆರ್ ಸಂಖ್ಯೆ ಬರೆದುಕೊಂಡು ಸಂಜೆ ಆ ಓಣಿಗೆ ಹೋಗಿ ಬನ್ನಿ.